ಮಳೆಗಾಲ, ಬೆನ್ನುನೋವು, ಗಾದಿ: ಧಾರವಾಡದ ಮನೆಗೆ ಹಾಸಿಗೆ ಆರಿಸುವ ಬಗೆ

ಜುಲೈ ತಿಂಗಳ ಒಂದು ಬೆಳಿಗ್ಗೆ ಹೊಸ ಮೆಮೊರಿ ಫೋಮ್ ಹಾಸಿಗೆಯನ್ನು ಎತ್ತಿ ನೋಡಿದೆ. ತಳದಲ್ಲಿ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕೆಗಳು. ಕೊಂಡು ಐದು ವಾರವೂ ಆಗಿರಲಿಲ್ಲ. ನಮ್ಮದು ಮಾಳಮಡ್ಡಿಯ ಹಳೆಯ ಮನೆ, ನೆಲದ ಮಟ್ಟದ ಕೋಣೆ. ಮಂಚ ಕೆಳಗೆ ಪೆಟ್ಟಿಗೆ ಇರುವಂಥದ್ದು. ಮೇಲಾಗಿ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ನಾವು ತೆಗೆದೇ ಇರಲಿಲ್ಲ. ‘ಇರಲಿ ಬಿಡ್ರಿ, ಧೂಳು ಕೂಡೂದಿಲ್ಲ’ ಎಂದು ಅಂಗಡಿಯವರೇ ಹೇಳಿದ್ದರು.

ಆ ಹಾಸಿಗೆ ತಂದದ್ದು ಬೆನ್ನುನೋವಿಗಾಗಿ. ನಮ್ಮವರಿಗೆ ಸೊಂಟ, ಅತ್ತೆಯವರಿಗೆ ಸೊಂಟದ ಜೊತೆ ಚಪ್ಪೆ ಎಲುಬು, ನನಗೆ ಆಗಾಗ ಬೆನ್ನಿನ ಮೇಲ್ಭಾಗ. ಮೂರು ಬೆನ್ನು, ಮೂರು ತೂಕ, ಮಲಗುವ ರೀತಿಯೂ ಬೇರೆ ಬೇರೆ. ಎಲ್ಲರಿಗೂ ಒಂದೇ ಹಾಸಿಗೆ ಸಾಕು ಅಂದುಕೊಂಡದ್ದು ಮೊದಲ ತಪ್ಪು. ‘ಇದನ್ನು ನಮ್ಮ ಮಳೆಗಾಲದಲ್ಲಿ ಒಣಗಿಸೋದು ಹೇಗೆ?’ ಎಂದು ಕೇಳದೇ ಇದ್ದದ್ದು ಎರಡನೆಯದು. ಆಮೇಲೆ ನಾವು ಏನೇನು ಮಾಡಿದೆವು ಅನ್ನೋದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು: ನೋವಿಗೆ ಹಾಸಿಗೆಯೇ ಕಾರಣವಾ?

ಹಾಸಿಗೆಯಿಂದ ಬರುವ ನೋವಿಗೆ ಒಂದು ಗುರುತಿದೆ. ಏಳುವಾಗ ಜಾಸ್ತಿ ಇರುತ್ತದೆ. ಎದ್ದು ಓಡಾಡಿ ಚಹಾ ಕುಡಿಯುವಷ್ಟರಲ್ಲಿ, ಅಂದರೆ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಊರಿಗೆ ಹೋಗಿ ಬೇರೆ ಕಡೆ ಮಲಗಿದರೆ ಇರುವುದಿಲ್ಲ. ಸಂಜೆಗೆ ಏರುವ ನೋವಿಗೆ ಕೂರುವ ಕುರ್ಚಿ, ಬೈಕು, ಭಾರ ಎತ್ತುವ ರೀತಿಯನ್ನು ನೋಡಬೇಕು. ಅದಕ್ಕೆ ಗಾದಿ ಬದಲಿಸಿ ಫಲವಿಲ್ಲ.

ಒಂದು ವಾರ ಪರೀಕ್ಷೆ ಮಾಡಿ. ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನ, ಅದರ ಮೇಲೆ ನಾಲ್ಕು ಪದರ ಕೌದಿ ಹಾಸಿ ಮಲಗಿ. ಪ್ರತಿ ಬೆಳಿಗ್ಗೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಮ್ಮವರದು ಆರರಿಂದ ಮೂರಕ್ಕೆ ಇಳಿಯಿತು. ಅತ್ತೆಯವರು ಎರಡೇ ರಾತ್ರಿಗೆ ‘ನನಗ ಇದು ಆಗೂದಿಲ್ಲವಾ, ಚಪ್ಪಿ ಚುಚ್ಚತದ’ ಎಂದು ಎದ್ದುಬಿಟ್ಟರು. ಒಬ್ಬರಿಗೆ ಗಟ್ಟಿ ಬೇಕು, ಇನ್ನೊಬ್ಬರಿಗೆ ಎಲುಬಿನ ಕೆಳಗೆ ಮೆತ್ತಗೆ ಬೇಕು ಅನ್ನೋದು ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಯಿತು. ನೆಲದಿಂದ ಏಳಲು ಕಷ್ಟಪಡುವ ಹಿರಿಯರಿಗೆ ಮಾತ್ರ ಇದನ್ನು ಮಾಡಿಸಬೇಡಿ. ಮಂಚದ ಹಲಗೆಯ ಮೇಲೆಯೇ ಕೌದಿ ಹಾಸಿ ಕೊಡಿ.

ಕೆಲವು ನೋವನ್ನು ಹಾಸಿಗೆ ಅಂಗಡಿಗೆ ಒಯ್ಯಲೇಬಾರದು. ಕಾಲಿನಲ್ಲಿ ಜೋಮು ಅಥವಾ ಬಲ ಕಡಿಮೆಯಾಗುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ರಾತ್ರಿ ಬಿಡದ ನೋವು ಇದ್ದರೆ ನೇರವಾಗಿ ಡಾಕ್ಟರ್ ಹತ್ತಿರ ಹೋಗಿ. ಅದರಲ್ಲೂ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು. ಇನ್ನೊಂದು ವಿಷಯವನ್ನು ಮನೆಯವರು ಸುಲಭವಾಗಿ ಮರೆಯುತ್ತಾರೆ. ನಲವತ್ತರೊಳಗಿನ ಹುಡುಗ ಹುಡುಗಿಯರಿಗೆ ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬೆನ್ನು ಬಿಗಿದಿದ್ದು, ಓಡಾಡಿದರೆ ಕಡಿಮೆಯಾಗಿ, ಸುಮ್ನೆ ಮಲಗಿದರೆ ಜಾಸ್ತಿಯಾಗುತ್ತಾ ತಿಂಗಳುಗಟ್ಟಲೆ ಇದ್ದರೆ ಅದು ಬೆನ್ನೆಲುಬಿನ ಉರಿಯೂತ ಇರಬಹುದು. ಅದಕ್ಕೆ ಬೇರೆಯೇ ಔಷಧ ಬೇಕು.

ಹಳೆಯ ಹಾಸಿಗೆಯನ್ನು ಅಳೆಯಿರಿ

ಹಾಸಿಗೆಯ ಅಡ್ಡಕ್ಕೆ ಒಂದು ನೇರವಾದ ಕೋಲು ಇಡಿ. ಸೊಂಟ ಬರುವ ಜಾಗದಲ್ಲಿ ಕೋಲಿಗೂ ಹಾಸಿಗೆಗೂ ನಡುವೆ ಎಷ್ಟು ತಗ್ಗಿದೆ ಅಂತ ಸ್ಕೇಲಿನಿಂದ ಅಳೆಯಿರಿ. ಒಂದೂವರೆ ಇಂಚು ದಾಟಿದ್ದರೆ ನೀವು ರಾತ್ರಿಯಿಡೀ ತೊಟ್ಟಿಲಲ್ಲಿ ಮಲಗಿದ ಹಾಗೆಯೇ. ನಮ್ಮ ಹನ್ನೊಂದು ವರ್ಷದ ಕಾಯರ್ ಹಾಸಿಗೆಯಲ್ಲಿ, ನಮ್ಮವರು ಮಲಗುವ ಕಡೆ, ಎರಡು ಇಂಚಿಗೂ ಮೀರಿತ್ತು.

ಅಂಗಡಿಯಲ್ಲೂ ಮನೆಯಲ್ಲೂ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಆಚೆ ಈಚೆ ಹೋಗುತ್ತಿದ್ದರೆ ಹಾಸಿಗೆ ನಿಮಗೆ ಜಾಸ್ತಿ ಗಟ್ಟಿ. ಕೈ ಹೋಗುವುದೇ ಇಲ್ಲ ಅಂದರೆ ಚಪ್ಪೆ ಹೂತುಹೋಗಿದೆ. ಸ್ವಲ್ಪ ಒತ್ತಿ ತೂರಿಸಿದರೆ ಹೋಗಬೇಕು, ಅಷ್ಟೇ. ಮಗ್ಗುಲಾಗಿ ಮಲಗುವವರಿಗೆ ಬೇರೊಬ್ಬರು ಹಿಂದೆ ನಿಂತು ನೋಡಬೇಕು. ಕತ್ತಿನಿಂದ ಸೊಂಟದ ಕೆಳಗಿನವರೆಗೆ ಬೆನ್ನೆಲುಬು ಒಂದೇ ಗೆರೆಯಲ್ಲಿ ಕಾಣಬೇಕು. ಎರಡು ನಿಮಿಷ ಮಲಗಿ ಎದ್ದರೆ ಏನೂ ತಿಳಿಯುವುದಿಲ್ಲ. ಹದಿನೈದು ನಿಮಿಷ ಮಲಗಿ, ನಾಚಿಕೆ ಬೇಡ.

ಬೆನ್ನಿಗೆ ಕಲ್ಲಿನಂಥ ಹಾಸಿಗೆಯೇ ಒಳ್ಳೆಯದು ಅನ್ನುವ ಮಾತು ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. 2003ರಲ್ಲಿ ಸ್ಪೇನಿನ ವೈದ್ಯರು, ಬಹಳ ದಿನದಿಂದ ಸೊಂಟನೋವಿದ್ದ 313 ಜನರ ಮೇಲೆ ಇದನ್ನು ನೋಡಿದರು. ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿ. ಮೂರು ತಿಂಗಳ ನಂತರ ಮಧ್ಯಮ ಗಟ್ಟಿಯ ಹಾಸಿಗೆಯವರೇ ಹೆಚ್ಚು ಆರಾಮಾಗಿದ್ದರು. ಹಾಸಿಗೆಯ ಮೇಲೆ ‘ಆರ್ಥೋ’ ಎಂದು ಬರೆದಿದ್ದರೆ ಅದನ್ನು ‘ಗಟ್ಟಿ’ ಎಂದು ಓದಿಕೊಳ್ಳಿ. ಅದೇ ಔಷಧ ಅಂತ ತಿಳಿಯಬೇಡಿ.

ನಮ್ಮ ಮಳೆಗಾಲದಲ್ಲಿ ಹತ್ತಿ, ಕಾಯರ್, ಮೆಮೊರಿ ಫೋಮ್ ಮೂರೂ ಹೇಗೆ ನಡೆದುಕೊಳ್ಳುತ್ತವೆ

ಧಾರವಾಡದ ತೇವ ಕರಾವಳಿಯದರಂತೆ ಬೆವರಿಳಿಸುವುದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ ಮಳೆ, ತಣ್ಣನೆ ಗಾಳಿ, ಬಿಸಿಲು ಅಪರೂಪ. ಏನೂ ಒಣಗುವುದಿಲ್ಲ, ಅಷ್ಟೇ. ಗದಗಿನ ಕಡೆ ಇಷ್ಟಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲು ಕಡೆಯವರಿಗೆ ನನ್ನ ಮಾತು ಚೆನ್ನಾಗಿ ಗೊತ್ತಾಗುತ್ತದೆ. ಆರ್ದ್ರತೆ ತೋರಿಸುವ ಸಣ್ಣ ಮೀಟರನ್ನು ಮಂಚದ ಕೆಳಗೆ ಇಟ್ಟೆ. ಜುಲೈನಲ್ಲಿ ದಿನಗಟ್ಟಲೆ 80ರ ಮೇಲೆಯೇ ಇತ್ತು. ಆ ಮಟ್ಟದಲ್ಲಿ ಬಹಳ ದಿನ ಇದ್ದ ಜಾಗಕ್ಕೆ ಬೂಷ್ಟು ಬರುತ್ತದೆ. ಹಾಸಿಗೆಯಲ್ಲಿರುವ ಕಣ್ಣಿಗೆ ಕಾಣದ ಧೂಳಿನ ನುಸಿಗೂ ಅದು ಹಬ್ಬ. ಇದರ ಜೊತೆಗೆ, ಮಲಗಿದ ಮನುಷ್ಯನ ಮೈಯಿಂದಲೇ ರಾತ್ರಿ ಒಂದು ಲೋಟದಷ್ಟು ತೇವ ಹೊರಗೆ ಬರುತ್ತದೆ. ಅದು ಹಾಸಿಗೆಯೊಳಗೆ ಇಳಿದು, ಕೆಳಗಿನ ತಣ್ಣನೆ ಹಲಗೆಗೆ ತಾಗಿ ಅಲ್ಲೇ ಕೂರುತ್ತದೆ. ಬೂಷ್ಟು ಹೆಚ್ಚಾಗಿ ತಳದಿಂದ ಶುರುವಾಗುವುದು ಇದಕ್ಕೇ.

ಹತ್ತಿ ತೇವವನ್ನು ಎಳೆದುಕೊಳ್ಳುತ್ತದೆ. ಸಾಧಾರಣ ಹವೆಯಲ್ಲೇ ತನ್ನ ತೂಕದ ನೂರಕ್ಕೆ ಎಂಟರಷ್ಟು ನೀರು ಅದರಲ್ಲಿರುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಮೈಗೆ ಅಂಟು ಅನಿಸುವುದಿಲ್ಲ, ಆದರೆ ಗಾದಿ ಭಾರವಾಗುತ್ತದೆ, ಎಳೆಗಳು ಒಂದಕ್ಕೊಂದು ಅಮರಿ ಗಂಟಾಗುತ್ತವೆ. ಸೊಂಟದ ಕೆಳಗೆ ತಗ್ಗು, ಅದರ ಪಕ್ಕ ದಿಬ್ಬ. ಇಷ್ಟಾದರೂ ಹತ್ತಿಗೆ ಇರುವ ಗುಣ ಬೇರೆ ಯಾವುದಕ್ಕೂ ಇಲ್ಲ. ಅದನ್ನು ಬಿಸಿಲಿಗೆ ಹಾಕಬಹುದು, ಬಿಚ್ಚಿ ಪಿಂಜಿಸಿ ಮತ್ತೆ ಹೊಸದು ಮಾಡಬಹುದು. ಹಾಳಾದ ಹತ್ತಿಯನ್ನಷ್ಟೇ ತೆಗೆದು ಒಂದು ಕಿಲೋ ಹೊಸದು ಸೇರಿಸಬಹುದು.

ಕಾಯರ್ ಅಂದರೆ ತೆಂಗಿನ ನಾರನ್ನು ಗುಂಗುರು ಮಾಡಿ, ರಬ್ಬರ್ ಹಾಲು ಸಿಂಪಡಿಸಿ, ಒತ್ತಿ ಬೇಯಿಸಿದ ಹಾಳೆ. ನಡುವೆ ಗಾಳಿ ಓಡಾಡುತ್ತದೆ. ಮೂರರಲ್ಲಿ ಬೇಗ ಒಣಗುವುದು ಇದೇ. ಭಾರದವರ ಬೆನ್ನನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ರಬ್ಬರಿನ ಹಿಡಿತ ವರ್ಷ ಕಳೆದಂತೆ ಬಿಡುತ್ತದೆ. ಆಗ ನಾರು ಮುರಿದು, ಮಂಚದ ಮೇಲೆ ಚಹಾಪುಡಿಯಂಥ ಕಂದು ಪುಡಿ ಉದುರುತ್ತದೆ. ಒಮ್ಮೆ ಬಿದ್ದ ತಗ್ಗನ್ನು ಯಾರೂ ಎತ್ತಲಾರರು.

ಮೆಮೊರಿ ಫೋಮ್ 1966ರ ಸುಮಾರಿಗೆ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಸೀಟಿಗೆಂದು ಹುಟ್ಟಿದ ವಸ್ತು. ಮೈಬಿಸಿಗೆ ಮೆತ್ತಗಾಗಿ, ಎಲುಬು ಚುಚ್ಚುವ ಕಡೆ ಒತ್ತಡ ಹಂಚುತ್ತದೆ. ಅದೇ ಗುಣ ನಮ್ಮಲ್ಲಿ ಎರಡು ಕಡೆ ಕಾಡುತ್ತದೆ. ಏಪ್ರಿಲ್‌ನಲ್ಲಿ ಜಾಸ್ತಿ ಮೆತ್ತಗಾಗಿ, ಮೈ ಹೂತು, ಬಿಸಿ ಹಿಡಿಯುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಮಲಗಿದ ಕೂಡಲೇ ಹಲಗೆಯಂತೆ ಗಟ್ಟಿ, ಮೈ ಕಾವು ತಾಗಿದ ಮೇಲೆಯೇ ಸಡಿಲ. ಫೋಮ್ ತಾನಾಗಿ ತೇವ ಕುಡಿಯುವುದಿಲ್ಲ, ಆದರೆ ಅದರ ಸಣ್ಣ ರಂಧ್ರಗಳಲ್ಲಿ ಗಾಳಿ ಆಡುವುದು ಕಡಿಮೆ. ನೀರು ಅಥವಾ ಮಗುವಿನ ಮೂತ್ರ ಒಳಗೆ ಇಳಿದರೆ ಮಳೆಗಾಲದಲ್ಲಿ ಅದು ವಾರವಾದರೂ ಒಣಗದು. ಬಿಸಿಲಿಗೆ ಹಾಕುತ್ತೇನೆ ಅನ್ನೋಣವೆಂದರೆ, ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯಾಗುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ ನಿಲ್ಲಿಸುವುದೊಂದೇ ದಾರಿ.

ಗಾದಿಗಿಂತ ಮೊದಲು ಮಂಚ

ಮಂಚ ಸರಿಮಾಡದೆ ಹಾಸಿಗೆಗೆ ದುಡ್ಡು ಹಾಕಬೇಡಿ. ಪೆಟ್ಟಿಗೆ ಮಂಚದ ಪ್ಲೈವುಡ್ ಹಲಗೆ ತಳವನ್ನು ಪೂರ್ತಿ ಮುಚ್ಚಿಬಿಡುತ್ತದೆ. ನಾವು ಬಡಗಿಯನ್ನು ಕರೆದು ಹಲಗೆಗೆ ಎಂಟೆಂಟು ಇಂಚಿಗೆ ಒಂದರಂತೆ ಒಂದಿಂಚಿನ ತೂತು ಹೊಡೆಸಿದೆವು. ಪೆಟ್ಟಿಗೆಯ ಎರಡು ಪಕ್ಕಕ್ಕೂ ಜಾಳಿಗೆ ಹಾಕಿಸಿದೆವು. ತಳಕ್ಕೆ ಗಾಳಿ ಬರಬೇಕಾದರೆ ಪೆಟ್ಟಿಗೆಗೂ ಗಾಳಿ ಬರಬೇಕಲ್ವಾ? ಒಳಗೆ ತುಂಬಿದ್ದ ಹಳೆಯ ಬಟ್ಟೆ, ಕಂಬಳಿಗಳನ್ನೂ ಅರ್ಧ ಖಾಲಿ ಮಾಡಿದೆವು. ಹೊಸದಾಗಿ ಮಾಡಿಸುವವರು ಪಟ್ಟಿಯ ಮಂಚ ಮಾಡಿಸಿ, ಪಟ್ಟಿಗಳ ನಡುವೆ ಎರಡರಿಂದ ಎರಡೂವರೆ ಇಂಚು ಸಂದು ಬಿಡಿ. ಅದಕ್ಕಿಂತ ಅಗಲ ಬಿಟ್ಟರೆ ಫೋಮ್ ಸಂದಿಗೆ ಇಳಿಯುತ್ತದೆ. ಮಂಚವನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಎಳೆಯಿರಿ. ಮಳೆ ಹೊಡೆಯುವ ಪಡುವಣ ಗೋಡೆಯಾದರೆ ಒಂದು ಗೇಣು.

ನೆಲದ ಮೇಲೆ ಗಾದಿ ಹಾಸುವ ಮನೆಗಳಲ್ಲಿ ಕೆಳಗೆ ಚಾಪೆ ಹಾಸಿ, ಬೆಳಿಗ್ಗೆ ಸುತ್ತಿ ಗೋಡೆಗೆ ನಿಲ್ಲಿಸಿದರೆ ಸಾಕು. ನಮ್ಮ ಅಜ್ಜಿಯರ ಗಾದಿಗೆ ಬೂಷ್ಟು ಬರದಿದ್ದದ್ದು ಅದನ್ನು ದಿನಾ ಎತ್ತುತ್ತಿದ್ದದ್ದರಿಂದ.

ಮೂರು ಬೆನ್ನಿಗೆ ಮೂರು ಜೋಡಣೆ

ನಮ್ಮ ಆರಡಿ ಅಗಲದ ಮಂಚಕ್ಕೆ ಒಂದೇ ದೊಡ್ಡ ಹಾಸಿಗೆಯ ಬದಲು ಮೂರಡಿಯ ಎರಡು ಹಾಕಿದೆವು. ಒಬ್ಬರು ಹೊರಳಿದರೆ ಇನ್ನೊಬ್ಬರು ಉರುಳುವುದಿಲ್ಲ. ಅದಕ್ಕಿಂತ ಮುಖ್ಯ, ಒಬ್ಬಳೇ ಎತ್ತಿ ನಿಲ್ಲಿಸಬಹುದು. ಡಬಲ್ ಹತ್ತಿ ಗಾದಿ ಇಪ್ಪತ್ತು ಕಿಲೋ ದಾಟುತ್ತದೆ, ಅದನ್ನು ಯಾರೂ ಒಣಗಿಸುವುದಿಲ್ಲ.

ನಮ್ಮವರು 86 ಕಿಲೋ, ಅಂಗಾತ ಮಲಗುವವರು. ಅವರಿಗೆ ನಾಲ್ಕಿಂಚಿನ ಕಾಯರ್, ಅದರ ಮೇಲೆ ಎರಡಿಂಚಿನ ಹತ್ತಿ ಗಾದಿ. ಕಾಯರ್ ಸೊಂಟವನ್ನು ಇಳಿಯಗೊಡುವುದಿಲ್ಲ, ಹತ್ತಿ ಅದರ ಒರಟು ತಡೆಯುತ್ತದೆ. ಮೈಯ ತೇವವನ್ನೂ ಹತ್ತಿಯೇ ಕುಡಿಯುತ್ತದೆ, ಅದನ್ನು ಎತ್ತಿ ಒಣಗಿಸುವುದು ಸುಲಭ. ಐದು ಕಿಲೋ ಹತ್ತಿ ಸಾಕಾಯಿತು. ನಾನು 60 ಕಿಲೋ, ಅರ್ಧ ರಾತ್ರಿ ಮಗ್ಗುಲಾಗಿಯೇ ಇರುವವಳು. ಅದೇ ಕಾಯರ್, ಹತ್ತಿ ಮಾತ್ರ ಏಳು ಕಿಲೋ. ಮಧ್ಯದಲ್ಲಿ ಒಂದು ಬೆರಳಿನಷ್ಟು ಎತ್ತರ ತಗ್ಗು ಬಂತು, ಜಗಳವೇನೂ ಆಗಿಲ್ಲ.

ಅತ್ತೆಯವರು 48 ಕಿಲೋ, ಪೂರ್ತಿ ಮಗ್ಗುಲು. ಕಾಯರ್ ಮೇಲೆ ಅವರ ಚಪ್ಪೆ, ಭುಜ ಎರಡೂ ನೋಯುತ್ತಿದ್ದವು. ಅವರಿಗೆ ನಾಲ್ಕಿಂಚಿನ ಕಾಯರ್ ಮೇಲೆ ಎರಡಿಂಚಿನ ಮೆಮೊರಿ ಫೋಮ್ ಹಾಳೆ ಹಾಕಿದೆವು, ಅದರ ಮೇಲೆ ದಪ್ಪ ಹತ್ತಿ ಚಾದರ್. ಆರು ಇಂಚಿನ ಪೂರ್ತಿ ಮೆತ್ತನೆಯ ಹಾಸಿಗೆಯಲ್ಲಿ ಅವರಿಗೆ ಹೊರಳುವುದಕ್ಕೇ ಬಲ ಸಾಲುತ್ತಿರಲಿಲ್ಲ, ಏಳುವಾಗ ಅಂಚು ಕುಸಿಯುತ್ತಿತ್ತು. ಹಿರಿಯರಿಗೆ ಇದನ್ನು ಮರೆಯದೆ ನೋಡಿ: ಅಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಚಪ್ಪೆಗಿಂತ ಮೇಲೆ ಹೋಗಬಾರದು. ಎರಡು ಮಂಡಿಗಳ ನಡುವೆ ಒಂದು ತಲೆದಿಂಬು ಇಟ್ಟ ಮೇಲೆ ಅವರ ನೋವಿನ ಅಂಕ ಇನ್ನೂ ಒಂದು ಇಳಿಯಿತು.

ಬೂಷ್ಟು ಬಂದ ಹಾಸಿಗೆ ಏನಾಯಿತು ಅಂತೀರಾ? ಚುಕ್ಕೆ ಹೊರಗವಸಿಗಷ್ಟೇ ಬಂದಿತ್ತು. ಜಿಪ್ ತೆಗೆದು ಗವಸನ್ನು ಬಿಸಿನೀರಲ್ಲಿ ಒಗೆದು ಒಣಗಿಸಿದೆವು. ಒಳಗಿನ ಫೋಮ್ ಶುದ್ಧವಿತ್ತು, ವಾಸನೆ ಇರಲಿಲ್ಲ. ಈಗ ಮಹಡಿಯ ಕೋಣೆಯಲ್ಲಿ ಪಟ್ಟಿ ಮಂಚದ ಮೇಲೆ ಮಗ ಮಲಗುತ್ತಾನೆ. ಫೋಮ್‌ನೊಳಗೇ ಬೂಷ್ಟು ಇಳಿದಿದ್ದರೆ, ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಎಸೆಯುವುದೇ ಸರಿ. ಮನೆಯಲ್ಲಿ ಉಬ್ಬಸ ಇರುವವರಿದ್ದರಂತೂ ಉಳಿಸಿಕೊಳ್ಳಲೇಬೇಡಿ.

ಕೊಳ್ಳುವಾಗ ತೂಗಿ ಕೊಳ್ಳಿ

ಫೋಮ್ ಮತ್ತು ಕಾಯರ್‌ನ ನಿಜವಾದ ಗುಣ ಅದರ ಸಾಂದ್ರತೆಯಲ್ಲಿದೆ, ಎಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೋ. ಅಂಗಡಿಯವರು 50 ಅನ್ನುತ್ತಾರೆ. ನಂಬಬೇಕಿಲ್ಲ, ತಕ್ಕಡಿ ಇದೆ. ಮೂರಡಿ ಅಗಲ, ಆರಡಿ ಉದ್ದ, ಎರಡಿಂಚು ದಪ್ಪದ ಹಾಳೆಯ ಗಾತ್ರ ಸುಮಾರು 0.085 ಘನ ಮೀಟರ್. ಅದನ್ನು 50ರಿಂದ ಗುಣಿಸಿದರೆ 4.2 ಕಿಲೋ ಬರಬೇಕು. ನಾವು ಮೊದಲು ನೋಡಿದ ಹಾಳೆ ಗವಸು ಬಿಟ್ಟು 2.7 ಕಿಲೋ ತೂಗಿತು. ಅಂದರೆ ಸಾಂದ್ರತೆ 32ರ ಹತ್ತಿರ, ಬೇಗ ಚಪ್ಪಟೆಯಾಗುವ ಮಾಲು. ಎರಡನೆಯದು 4 ಕಿಲೋ ದಾಟಿತು, ಅದನ್ನೇ ತಂದೆವು. ನಾಲ್ಕಿಂಚಿನ ಸಿಂಗಲ್ ಕಾಯರ್‌ಗೂ ಇದೇ ಲೆಕ್ಕ. 14 ಕಿಲೋಗಿಂತ ಹಗುರವಾಗಿದ್ದರೆ 86 ಕಿಲೋ ಮನುಷ್ಯನಿಗೆ ತೆಗೆದುಕೊಳ್ಳಬೇಡಿ.

ಸುರುಳಿ ಸುತ್ತಿ ಬರುವ ಫೋಮ್ ಮಳೆಗಾಲದ ತಂಪಿನಲ್ಲಿ ನಿಧಾನ ಬಿಚ್ಚಿಕೊಳ್ಳುತ್ತದೆ. ಮೂರು ದಿನ ಕಿಟಕಿ ತೆಗೆದು ಬಿಡಿ, ವಾಸನೆಯೂ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಅದೇ ದಿನ ಹರಿದು ಹಾಕಿ. ನೀರು ತಡೆಯುವ ಹೊದಿಕೆ ಬೇಕೇ ಬೇಕು ಅನ್ನುವವರು ರೆಕ್ಸಿನ್ ಬಿಟ್ಟು, ಗಾಳಿ ಆಡುವ ಬಟ್ಟೆಯದ್ದನ್ನು ತರಲಿ.

ಹತ್ತಿಯನ್ನು ಗಾದಿ ಮಾಡುವವರ ಹತ್ತಿರವೇ ಕೂತು ಮಾಡಿಸಿ. ನಾನು ಹೋದಲ್ಲಿನ ಹಿರಿಯರು ಎರಡು ಗುಡ್ಡೆ ತೋರಿಸಿದರು. ‘ಅಕ್ಕಾರ, ಇದು ಮಿಲ್ಲಿನ ಕಸರಿ, ನೋಡಾಕ ಬೆಳ್ಳಗ ಐತಿ, ಆರು ತಿಂಗಳಿಗೆ ರೊಟ್ಟಿ ಆಕ್ಕೈತಿ. ಇದು ಜಿನ್ನಿಂದು, ಒಳಗ ಒಂದೆರಡು ಬೀಜಾ ಸಿಕ್ತಾವು, ಆದ್ರ ಬಾಳತೈತಿ’ ಅಂದರು. ಚಿಟಿಕೆ ಹತ್ತಿ ಹಿಡಿದು ಎಳೆದರೆ ಎಳೆ ಉದ್ದ ಬರಬೇಕು, ಪುಡಿಪುಡಿಯಾಗಿ ಕಿತ್ತು ಬರಬಾರದು. ನಡುವೆ ಪಾಲಿಯೆಸ್ಟರ್ ಬೆರೆತಿದೆಯಾ ಅಂತ ನೋಡಲು ಒಂದು ಚೂರು ಸುಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಾದಿಗೆ ಒಂದು ಅಡಿಗೊಂದರಂತೆ ಮೇಲಿಂದ ಕೆಳಗೆ ದಪ್ಪ ದಾರದ ಹೊಲಿಗೆ ಹಾಕಿಸಿ. ಇಲ್ಲದಿದ್ದರೆ ಹತ್ತಿ ಸೊಂಟದ ಜಾಗ ಬಿಟ್ಟು ಕಾಲ್ದೆಸೆಗೆ ಸರಿಯುತ್ತದೆ.

ವರ್ಷದ ಪಾಳಿ

ಜೂನ್ ಮೊದಲ ಮಳೆಗೂ ಮುಂಚೆ ಎಲ್ಲವನ್ನೂ ಒಮ್ಮೆ ಪೂರ್ತಿ ಒಣಗಿಸಿಕೊಳ್ಳಿ. ಮಳೆಗಾಲದಲ್ಲಿ ಎದ್ದ ಕೂಡಲೇ ಹಾಸಿಗೆ ನೀಟಾಗಿ ಮುಚ್ಚುವ ಅಭ್ಯಾಸ ಬಿಡಿ. ಹೊದಿಕೆ ಮಡಚಿ, ಚಾದರ್ ತೆಗೆದು, ಒಂದು ತಾಸು ಫ್ಯಾನ್ ಹಾಕಿ. ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಳ ನೋಡಿ, ಕೈಯಿಂದ ಮುಟ್ಟಿ. ತಣ್ಣಗಿರುವುದಕ್ಕೂ ತೇವಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ಒಂದು ಹಳೆ ದಿನಪತ್ರಿಕೆ ಹಾಳೆಯನ್ನು ರಾತ್ರಿ ಕೆಳಗೆ ಇಡಿ. ಬೆಳಿಗ್ಗೆ ಅದು ಗರಿಗರಿ ಇಲ್ಲದೆ ಸೋತು ಬಿದ್ದಿದ್ದರೆ ತಳದಲ್ಲಿ ತೇವವಿದೆ. ಒಮ್ಮೆ ಬಿಸಿಲು ಬಿತ್ತು ಅಂದರೆ ಮೊದಲು ಹತ್ತಿ ಗಾದಿ ಅಂಗಳಕ್ಕೆ ಹೋಗಬೇಕು, ಉಳಿದ ಕೆಲಸ ಆಮೇಲೆ. ನಾಲ್ಕು ಗಂಟೆ ಹೊತ್ತಿಗೆ ಒಳಗೆ ತನ್ನಿ. ಇಬ್ಬನಿಯ ಹೊತ್ತಿನವರೆಗೆ ಬಿಟ್ಟರೆ ಒಣಗಿದ್ದೆಲ್ಲ ವಾಪಸ್.

ನವರಾತ್ರಿಯ ನಂತರದ ಬಿಸಿಲು ಹತ್ತಿಗೆ ಬಂಗಾರ. ಎರಡೂ ಮಗ್ಗುಲು ಮೂರು ಮೂರು ತಾಸು ಹಾಕಿ ಕೋಲಿನಿಂದ ಬಡಿಯಿರಿ. ಕಾಯರ್‌ಗೆ ಬೆಳಗಿನ ಎಳೆಬಿಸಿಲು ಒಂದು ತಾಸು ಸಾಕು. ಜಾಸ್ತಿಯಾದರೆ ರಬ್ಬರ್ ಬಿರುಕು ಬಿಡುತ್ತದೆ. ಮೂರು ತಿಂಗಳಿಗೊಮ್ಮೆ ಕಾಯರ್ ಮಗುಚಿ ಹಾಕಿ, ತಲೆದೆಸೆ ಕಾಲ್ದೆಸೆಯನ್ನೂ ಬದಲಿಸಿ. ಮೆಮೊರಿ ಹಾಳೆಯನ್ನು ತಲೆದೆಸೆ ಕಾಲ್ದೆಸೆ ಬದಲಿಸಿದರೆ ಸಾಕು, ಬಿಸಿಲಿಗೆ ಒಯ್ಯಬೇಡಿ. ಹತ್ತಿಯನ್ನು ಎರಡು ವರ್ಷಕ್ಕೊಮ್ಮೆ ಫೆಬ್ರವರಿ ಮಾರ್ಚ್‌ನಲ್ಲಿ ಪಿಂಜಿಸಿ. ಪಿಂಜುವಾಗ ಸ್ವಲ್ಪ ಹತ್ತಿ ಧೂಳಾಗಿ ಹೋಗುತ್ತದೆ. ನಮ್ಮ ಏಳು ಕಿಲೋ ಗಾದಿಗೆ ಕಳೆದ ಸಲ ಮುಕ್ಕಾಲು ಕಿಲೋ ಹೊಸದು ಸೇರಿಸಬೇಕಾಯಿತು.

ಕೋಲಿನ ಅಳತೆಯನ್ನು ಪ್ರತಿ ಯುಗಾದಿಗೆ ಒಮ್ಮೆ ಮಾಡುತ್ತೇವೆ. ಹೋದ ಯುಗಾದಿಗೆ ನಮ್ಮವರ ಕಾಯರ್‌ನಲ್ಲಿ ಅರ್ಧ ಇಂಚು ತಗ್ಗು ಇತ್ತು, ನಾಲ್ಕನೆಯ ವರ್ಷಕ್ಕೆ. ಅದು ಒಂದೂವರೆ ಮುಟ್ಟಿದ ದಿನ ಕಾಯರ್ ಮಾತ್ರ ಬದಲಾಗುತ್ತದೆ. ಮೇಲಿನ ಐದು ಕಿಲೋ ಹತ್ತಿ ಹಾಗೇ ಮುಂದುವರಿಯುತ್ತದೆ.